ಗೇಟ್‌ಪಾಸ್ ಕಿತ್ತುಕೊಂಡರೆ ಹೆರಿಗೆ ಹಕ್ಕು ಹೋಗುವುದಿಲ್ಲ

ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಲ್ಲಿ ಬಸುರಿ ಹೆಂಗಸಿಗೆ ವಜಾ ಪತ್ರ ಕೊಡುವವರು ಅಪರೂಪ. ಹಾಗೆ ಕಾಗದದ ಮೇಲೆ ಬರೆದು ಸಿಕ್ಕಿಬೀಳುವಷ್ಟು ದಡ್ಡರು ಯಾರೂ ಇಲ್ಲ. ನಡೆಯುವುದು ಬೇರೆ ರೀತಿ. ಒಂದು ಬೆಳಿಗ್ಗೆ ಗೇಟಿನಲ್ಲಿ ಕಾರ್ಡ್ ಕೆಲಸ ಮಾಡುವುದಿಲ್ಲ. ಶಿಫ್ಟ್‌ನ ವಾಟ್ಸ್ಆ್ಯಪ್ ಗುಂಪಿನಿಂದ ನಂಬರ್ ತೆಗೆದಿರುತ್ತಾರೆ. ಗುತ್ತಿಗೆದಾರರ ಕಡೆಯ ಹುಡುಗ ಫೋನ್ ಮಾಡಿ, ‘ಕಂಪನಿಯವರು ಸದ್ಯಕ್ಕೆ ಬೇಡ ಅಂದಿದ್ದಾರೆ ಅಕ್ಕ, ಹೆರಿಗೆ ಆದಮೇಲೆ ಬನ್ನಿ, ನೋಡೋಣ’ ಅನ್ನುತ್ತಾನೆ. ಮಾತಿನಲ್ಲಿ ಒರಟುತನವಿಲ್ಲ, ಬೈಗುಳವಿಲ್ಲ. ಆಕೆಯೂ ‘ಸರಿ ಬಿಡಿ’ ಎಂದು ಫೋನ್ ಇಡುತ್ತಾಳೆ. ಕಾನೂನು ಆಕೆಗೆ ಕೊಟ್ಟಿದ್ದ ರಕ್ಷಣೆ ಬಳಕೆಗೆ ಬಾರದೆ ಹೋಗುವುದು ಬಹುತೇಕ ಇಲ್ಲೇ.

ಕೋಲಾರ ಜಿಲ್ಲೆಯಲ್ಲಿ ಕೆಲಸ ಹೀಗೆ ಸದ್ದಿಲ್ಲದೆ ಕೈತಪ್ಪುವುದಕ್ಕೆ ಕಾರಣ ನೇಮಕಾತಿಯ ಬಗೆಯಲ್ಲಿದೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಕಂಪನಿ ಬಸ್ಸು ಹತ್ತಿ ಬರುವ ಹೆಣ್ಣುಮಕ್ಕಳಲ್ಲಿ ಅನೇಕರು ಕೆಲಸ ಮಾಡುವುದು ಒಬ್ಬರ ಕಾರ್ಖಾನೆಯಲ್ಲಿ, ಸಂಬಳ ಪಡೆಯುವುದು ಇನ್ನೊಬ್ಬರಿಂದ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರವಾಗಿ ಗಲಭೆ ನಡೆದಾಗ ಹೊರಗಿನವರಿಗೆ ಮೊದಲು ಗೊತ್ತಾದದ್ದು ಇದೇ. ಅಲ್ಲಿದ್ದ ಬಹುಪಾಲು ಕೆಲಸಗಾರರು ಹಲವು ಮಾನವ ಸಂಪನ್ಮೂಲ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಆ ಕಾರ್ಖಾನೆ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಪಾಲಾಯಿತು. ಆದರೆ ಗುತ್ತಿಗೆ ಮೂಲಕ ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿ ಕೈಗಾರಿಕಾ ಪ್ರದೇಶಗಳಲ್ಲೆಲ್ಲ ಇದೆ. ಕಂಪನಿಯನ್ನು ಕೇಳಿದರೆ ಗುತ್ತಿಗೆದಾರರ ಕಡೆ ಕೈ ತೋರಿಸುತ್ತದೆ, ಗುತ್ತಿಗೆದಾರರು ಕಂಪನಿಯ ಕಡೆ ತೋರಿಸುತ್ತಾರೆ. ನಡುವೆ ನಿಂತ ಬಸುರಿಗೆ ‘ನನ್ನನ್ನು ತೆಗೆದವರು ಯಾರು, ಯಾವತ್ತು ತೆಗೆದರು’ ಎಂಬ ಎರಡು ಪ್ರಶ್ನೆಗೂ ಉತ್ತರ ಸಿಗುವುದಿಲ್ಲ.

ಈ ಎರಡರಲ್ಲಿ ‘ಯಾವತ್ತು’ ಎನ್ನುವುದೇ ಹೆಚ್ಚು ಮುಖ್ಯ. ಬಸುರಿಯ ಕೆಲಸ ಕಾಯುವ ಕಾನೂನು ಪೂರ್ತಿಯಾಗಿ ತಾರೀಖುಗಳ ಮೇಲೆ ನಿಂತಿದೆ.

ಕಾನೂನಿನ ಎರಡು ಪದರ

1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಸೆಕ್ಷನ್ ಕೆಲಸದಿಂದ ತೆಗೆಯುವ ಬಗ್ಗೆ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹಳೆಯ 12ನೇ ಸೆಕ್ಷನ್ನಿನ ತಿರುಳು ಹೆಚ್ಚು ಬದಲಾವಣೆಯಿಲ್ಲದೆ ಹೊಸದರ 68ನೇ ಸೆಕ್ಷನ್ ಆಗಿದೆ. ಹೀಗಾಗಿ ಹಳೆಯ ಕಾಯ್ದೆಯಡಿ ಬಂದ ತೀರ್ಪುಗಳ ಮಾತು ಈಗಲೂ ಉಪಯೋಗಕ್ಕೆ ಬರುತ್ತದೆ.

ಈ ಸೆಕ್ಷನ್ನಿನಲ್ಲಿ ಎರಡು ಪದರಗಳಿವೆ. ಸಾಮಾನ್ಯವಾಗಿ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಮೊದಲ ಪದರ ರಜೆಯ ಕಾಲದ್ದು. ಕಾನೂನಿನ ಪ್ರಕಾರ ಹೆರಿಗೆ ರಜೆಯ ಮೇಲಿರುವ ಹೆಂಗಸನ್ನು ಆ ಅವಧಿಯಲ್ಲಿ ತೆಗೆಯುವಂತಿಲ್ಲ, ಆ ಗೈರುಹಾಜರಿಯ ಕಾರಣಕ್ಕೂ ತೆಗೆಯುವಂತಿಲ್ಲ. ರಜೆಗೆ ಹೋಗುವ ಮುಂಚೆ ನೋಟಿಸ್ ಕೊಟ್ಟು, ಅದರ ಗಡುವು ರಜೆಯ ನಡುವೆ ಮುಗಿಯುವ ಹಾಗೆ ಲೆಕ್ಕ ಹಾಕುವಂತೆಯೂ ಇಲ್ಲ. ಆಕೆ ಮನೆಯಲ್ಲಿರುವಾಗ ಹುದ್ದೆ ಇಳಿಸುವುದು, ಸಂಬಳ ಕಡಿಮೆ ಮಾಡುವುದು, ಸೇವಾ ಷರತ್ತನ್ನು ಆಕೆಗೆ ನಷ್ಟವಾಗುವಂತೆ ಬದಲಿಸುವುದು ಕೂಡ ನಿಷಿದ್ಧ. ಈ ಪದರ ಗಟ್ಟಿ.

ಎರಡನೆಯದು ಬಸುರಿಯಾಗಿ ಇನ್ನೂ ಕೆಲಸಕ್ಕೆ ಬರುತ್ತಿರುವ ಕಾಲದ್ದು. ಇಲ್ಲಿ ಕಾನೂನು ‘ತೆಗೆಯಲೇ ಕೂಡದು’ ಎಂದು ಹೇಳುವುದಿಲ್ಲ. ತೆಗೆದರೂ ಆಕೆಗೆ ಸಿಗಬೇಕಾಗಿದ್ದ ಹೆರಿಗೆ ಹಣ ತಪ್ಪುವುದಿಲ್ಲ ಎಂದಷ್ಟೇ ಹೇಳುತ್ತದೆ. ಐದನೇ ತಿಂಗಳಲ್ಲಿ ಕೆಲಸದಿಂದ ತೆಗೆದರೆ, ತೆಗೆಯದೇ ಇದ್ದಿದ್ದರೆ ಎಷ್ಟು ಹಣ ಬರುತ್ತಿತ್ತೋ ಅಷ್ಟನ್ನೂ ಕೊಡಬೇಕು. ಅಂದರೆ ಹಣಕ್ಕೆ ಖಚಿತ ರಕ್ಷಣೆ ಇದೆ. ಕೆಲಸ ಮಾತ್ರ, ಎಲ್ಲ ಕಾರ್ಮಿಕರಿಗೂ ಇರುವ ಅಕ್ರಮ ವಜಾ ವಿರುದ್ಧದ ಕಾನೂನನ್ನು ಹಿಡಿದೇ ಉಳಿಸಿಕೊಳ್ಳಬೇಕು. ಈ ಕೊರತೆ ಕಾನೂನು ಬರೆದವರಿಗೂ ಗೊತ್ತಿರಲಿಕ್ಕೆ ಸಾಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ದಲ್ಲಿ ಅಂಗೀಕರಿಸಿದ 183ನೇ ಒಡಂಬಡಿಕೆ, ವಜಾಕ್ಕೆ ಬಸುರು ಕಾರಣವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುತ್ತದೆ. ಜರ್ಮನಿಯಲ್ಲಿ ಬಸುರಿನ ಕಾಲದಲ್ಲೂ ಹೆರಿಗೆಯಾಗಿ ನಾಲ್ಕು ತಿಂಗಳವರೆಗೂ ಸರ್ಕಾರಿ ಅಧಿಕಾರಿಯ ಮುಂಗಡ ಒಪ್ಪಿಗೆ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಭಾರತ ಆ ಒಡಂಬಡಿಕೆಯನ್ನು ಅನುಮೋದಿಸಿಲ್ಲ. ನಮ್ಮಲ್ಲಿ ‘ಬಸುರಿ ಎಂದೇ ತೆಗೆದರು’ ಎಂದು ತೋರಿಸುವ ಭಾರ ಹೆಚ್ಚಾಗಿ ಆಕೆಯ ಮೇಲೆಯೇ ಬೀಳುತ್ತದೆ. ತೋರಿಸಲು ಇರುವ ಸಾಧನವೆಂದರೆ ತಾರೀಖು ಬರೆದ ಕಾಗದ.

ಲೆಕ್ಕ ಹಾಕಿ ನೋಡೋಣ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮುಳಬಾಗಿಲು ಕಡೆಯ ಒಬ್ಬ ಹೆಣ್ಣುಮಗಳು 2025ರ ಫೆಬ್ರುವರಿ 3ರಂದು ನರಸಾಪುರದ ಕಾರ್ಖಾನೆಯೊಂದಕ್ಕೆ ಗುತ್ತಿಗೆದಾರರ ಮೂಲಕ ಸೇರಿದಳು. ಸಂಬಳ ತಿಂಗಳಿಗೆ 15,600 ರೂಪಾಯಿ. ಮೊದಲ ಬಸುರು. ಊರಿನ ಆಶಾ ಕಾರ್ಯಕರ್ತೆ ಹೆಸರು ಬರೆಸಿ ಕೊಡಿಸಿದ ತಾಯಿ ಕಾರ್ಡಿನಲ್ಲಿ ನಿರೀಕ್ಷಿತ ಹೆರಿಗೆ ದಿನ 2026ರ ಮಾರ್ಚ್ 20 ಎಂದಿದೆ.

ಸಂಬಳ 21,000 ರೂಪಾಯಿ ಮೀರದ ಕಾರಣ ಈಕೆ ಇಎಸ್‌ಐ ವ್ಯಾಪ್ತಿಯವಳು. ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಶೇ 0.75ರಷ್ಟು, ಅಂದರೆ 117 ರೂಪಾಯಿ ಕಡಿತವಾಗಿರುತ್ತದೆ. ಮಾಲೀಕರ ಪಾಲು ಶೇ 3.25, ಅದು 507 ರೂಪಾಯಿ. ಹೀಗೆ ಕಟ್ಟಿದ್ದರಿಂದ ಆಕೆಯ ಹೆರಿಗೆ ರಜೆಯ ಹಣವನ್ನು ಕಂಪನಿಯಾಗಲಿ ಗುತ್ತಿಗೆದಾರರಾಗಲಿ ಕೈಯಿಂದ ಕೊಡಬೇಕಿಲ್ಲ. ಇಎಸ್‌ಐ ನಿಗಮವೇ ನೇರ ಆಕೆಯ ಬ್ಯಾಂಕ್ ಖಾತೆಗೆ ಹಾಕುತ್ತದೆ. ‘ಕೆಲಸ ಮಾಡದವಳಿಗೆ ಆರು ತಿಂಗಳು ಸಂಬಳ ಎಲ್ಲಿಂದ ತರೋಣ’ ಎಂಬ ಮಾತು ಇಎಸ್‌ಐ ಇರುವ ಕಡೆ ಸುಳ್ಳು ನೆಪ. 

ಮೊದಲೆರಡು ಹೆರಿಗೆಗೆ ರಜೆ 26 ವಾರ. ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮಾರ್ಚ್ 20ರಿಂದ ಹಿಂದಕ್ಕೆ ಎಂಟು ವಾರ ಎಣಿಸಿದರೆ ಜನವರಿ 23. ಅಂದು ರಜೆ ಆರಂಭಿಸಿದರೆ 182 ದಿನ ಜುಲೈ 23ಕ್ಕೆ ಮುಗಿಯುತ್ತದೆ, ಜುಲೈ 24ಕ್ಕೆ ಕೆಲಸಕ್ಕೆ ಹಾಜರಾಗಬೇಕು. ಜನವರಿ 23ರಿಂದ ಜುಲೈ 23ರವರೆಗೆ ಆಕೆ ಮೊದಲ ಪದರದೊಳಗಿದ್ದಾಳೆ.

ಹಣ ಸಿಗುತ್ತದೆಯೇ ಎಂಬುದಕ್ಕೆ ಇನ್ನೊಂದು ಲೆಕ್ಕ. ಇಎಸ್‌ಐ ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಒಡೆಯುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆ ಮುಂದಿನ ಜನವರಿಯಿಂದ ಜೂನ್‌ವರೆಗಿನ ಸೌಲಭ್ಯಕ್ಕೆ ಬರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದು ಜುಲೈಯಿಂದ ಡಿಸೆಂಬರ್‌ವರೆಗಿನದಕ್ಕೆ. ಹೆರಿಗೆ ಬೀಳುವ ಸೌಲಭ್ಯ ಅವಧಿಗೆ ಹೊಂದುವ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಇದ್ದರೆ ಸಾಕು. ನಮ್ಮ ಉದಾಹರಣೆಯವಳು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಕೆಲಸ ಮಾಡಿದ್ದಾಳೆ. ಆ ಆರು ತಿಂಗಳ ಸಂಬಳ 93,600 ರೂಪಾಯಿಯನ್ನು 183 ದಿನಕ್ಕೆ ಹಂಚಿದರೆ ದಿನಕ್ಕೆ 511 ರೂಪಾಯಿಯ ಮೇಲೆ. 182 ದಿನಕ್ಕೆ ಸುಮಾರು 93,000 ರೂಪಾಯಿ. ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ.

ಈಗ ಕಥೆಗೆ ಬರೋಣ. ಡಿಸೆಂಬರ್ ಮೊದಲ ವಾರ, ಆರನೇ ತಿಂಗಳು ನಡೆಯುವಾಗ, ಲೈನ್ ಸೂಪರ್‌ವೈಸರ್ ‘ನಾಳೆಯಿಂದ ಬರಬೇಡಮ್ಮ’ ಎಂದನೆನ್ನಿ. ರಜೆ ಇನ್ನೂ ಶುರುವಾಗಿಲ್ಲ, ಹಾಗಾಗಿ ಇದು ಎರಡನೇ ಪದರ. ಕೆಲಸ ವಾಪಸ್ ಬೇಕಾದರೆ ಹೋರಾಡಬೇಕು, ಸಮಯ ಹಿಡಿಯುತ್ತದೆ. ಆದರೆ ಆ 93,000 ರೂಪಾಯಿ? ಅದು ಎಲ್ಲಿಗೂ ಹೋಗಿಲ್ಲ. ಇಎಸ್‌ಐ ಕಾನೂನಿನಲ್ಲಿ ವಿಮಾದಾರಳು ಎಂದರೆ ಈಗ ಕೆಲಸದಲ್ಲಿ ಇರುವವಳಷ್ಟೇ ಅಲ್ಲ, ಹಿಂದೆ ಇದ್ದು ವಂತಿಗೆ ಕಟ್ಟಿದವಳೂ ಹೌದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಜನವರಿಯಿಂದ ಜೂನ್‌ವರೆಗಿನ ಹಕ್ಕನ್ನು ಆಗಲೇ ಗಳಿಸಿಕೊಟ್ಟಿದೆ. ಡಿಸೆಂಬರಿನಲ್ಲಿ ಕಾರ್ಡ್ ಕಿತ್ತುಕೊಂಡರೂ ಮಾರ್ಚ್‌ನ ಹೆರಿಗೆಗೆ ಇಎಸ್‌ಐ ಶಾಖಾ ಕಚೇರಿಯಲ್ಲಿ ಆಕೆ ಅರ್ಜಿ ಹಾಕಬಹುದು. ಕೆಲಸ ಹೋಯಿತೆಂದು ತವರಿಗೆ ಹೋಗಿ ಕೂತವರಲ್ಲಿ ಇದು ಗೊತ್ತಿರುವವರು ಕಡಿಮೆ.

ಬದಲಿಗೆ ಗುತ್ತಿಗೆದಾರರು ಜಾಣತನ ಮಾಡಿ ಜನವರಿ 2ಕ್ಕೆ ಒಂದು ತಿಂಗಳ ನೋಟಿಸ್ ಕೊಟ್ಟರು ಎನ್ನಿ. ಅದರ ಗಡುವು ಫೆಬ್ರುವರಿ ಆರಂಭಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಆಕೆ ರಜೆಯ ಮೇಲಿದ್ದಾಳೆ. ಅಂಥ ನೋಟಿಸನ್ನೇ ಕಾನೂನು ಹೆಸರಿಟ್ಟು ತಡೆದಿದೆ. ಒಂದೇ ನೋಟಿಸ್, ನಾಲ್ಕು ವಾರದ ಅಂತರ, ಫಲ ಪೂರ್ತಿ ಬೇರೆ.

ಎಡವುವ ಮೂರು ಜಾಗ

ಮೊದಲನೆಯದು ರಾಜೀನಾಮೆ. ‘ಒಂದು ಲೆಟರ್ ಬರೆದುಕೊಡಿ, ಪಿಎಫ್ ಬೇಗ ಬಿಡಿಸಿಕೊಡ್ತೀವಿ, ಮಗು ಆದಮೇಲೆ ಮತ್ತೆ ತಗೋತೀವಿ’ ಎಂಬ ಮಾತಿಗೆ ಎಷ್ಟೋ ಜನ ಸಹಿ ಹಾಕುತ್ತಾರೆ. ಸಹಿ ಹಾಕಿದ ಮೇಲೆ ಅದು ವಜಾ ಅಲ್ಲ, ಆಕೆಯೇ ಬಿಟ್ಟದ್ದು. 12ನೇ ಸೆಕ್ಷನ್ ಆಗಲಿ, 68ನೇ ಸೆಕ್ಷನ್ ಆಗಲಿ ತಾನಾಗಿ ಬಿಟ್ಟವಳ ಕೆಲಸ ಕಾಯುವುದಿಲ್ಲ. ಒತ್ತಾಯದಿಂದ ಬರೆಸಿಕೊಂಡರು ಎಂದು ಆಮೇಲೆ ವಾದಿಸಬಹುದು, ಸಾಬೀತು ಮಾಡುವುದು ಕಷ್ಟ. ಸಹಿ ಹಾಕಿಯಾಗಿದ್ದರೆ ಅಂದೇ ಅಥವಾ ಮರುದಿನವೇ ‘ನನ್ನಿಂದ ಹೀಗೆ ಹೇಳಿ ಬರೆಸಿಕೊಂಡಿರಿ, ನನಗೆ ಕೆಲಸ ಬಿಡುವ ಇಚ್ಛೆ ಇಲ್ಲ, ಹೆರಿಗೆ ರಜೆ ಬೇಕು’ ಎಂದು ಬರೆದು ಕಳಿಸಬೇಕು. ತಿಂಗಳ ನಂತರ ಬರೆದ ಅದೇ ಮಾತಿಗೆ ಅರ್ಧ ತೂಕವೂ ಇರುವುದಿಲ್ಲ.

ಎರಡನೆಯದು ಗೈರುಹಾಜರಿ. ಬಸುರಿನಲ್ಲಿ ರಕ್ತಸ್ರಾವ, ಬಿಪಿ, ವಾಂತಿ ಎಂದು ವೈದ್ಯರು ಬೆಡ್‌ರೆಸ್ಟ್ ಹೇಳುತ್ತಾರೆ. ಮನೆಯವರು ಸೂಪರ್‌ವೈಸರ್‌ಗೆ ಫೋನಿನಲ್ಲಿ ಹೇಳಿ ಸುಮ್ಮನಾಗುತ್ತಾರೆ. ಕೆಲವು ದಿನ ಕಳೆದರೆ ಎಚ್‌ಆರ್ ಕಡತದಲ್ಲಿ ‘ಅಬ್‌ಸ್ಕಾಂಡಿಂಗ್’ ಎಂದು ಬೀಳುತ್ತದೆ. ಹೇಳದೆ ಕೇಳದೆ ಓಡಿಹೋದವಳು ಎಂದರ್ಥ. ಆದರೆ ಬಸುರಿನಿಂದ ಬಂದ ಕಾಯಿಲೆಗೆ ವೈದ್ಯರ ಚೀಟಿಯ ಮೇಲೆ ಗರಿಷ್ಠ ಒಂದು ತಿಂಗಳು ಹೆಚ್ಚುವರಿ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. ಗರ್ಭಪಾತವಾದರೆ ಆರು ವಾರ. ಆ ದಿನಗಳು ಕೂಡ ಕಾನೂನಿನ ಪ್ರಕಾರದ ಗೈರುಹಾಜರಿಯೇ, ಅಂದರೆ ಅಲ್ಲೂ ಮೊದಲ ಪದರ ಅನ್ವಯಿಸುತ್ತದೆ. ಬೇಕಾದದ್ದು ವೈದ್ಯರ ಚೀಟಿ, ಅದರ ಜತೆ ಒಂದು ಸಾಲಿನ ಅರ್ಜಿ.

ಮೂರನೆಯದು ಕಣ್ಣಿಗೆ ಬೀಳದ್ದು, ಅದಕ್ಕೇ ಹೆಚ್ಚು ಅಪಾಯಕಾರಿ. ಇಎಸ್‌ಐ ಸಂಖ್ಯೆ ಹತ್ತು ಅಂಕಿಯದು. ಒಬ್ಬ ವ್ಯಕ್ತಿಗೆ ಜೀವನಕ್ಕೆಲ್ಲ ಒಂದೇ. ಗುತ್ತಿಗೆದಾರರು ಬದಲಾದಾಗ, ಅಥವಾ ಆಕೆ ಮಾಲೂರಿನ ಕೆಲಸ ಬಿಟ್ಟು ವೇಮಗಲ್‌ಗೆ ಸೇರಿದಾಗ, ಹೊಸಬರು ಹಳೆಯ ಸಂಖ್ಯೆ ಕೇಳದೆ ಹೊಸದೊಂದನ್ನು ಮಾಡಿಬಿಡುವುದುಂಟು. ಆಗ ಆಕೆಯ ವಂತಿಗೆ ಎರಡು ಸಂಖ್ಯೆಗಳಲ್ಲಿ ಹರಿದು ಹಂಚಿಹೋಗುತ್ತದೆ, ಯಾವುದರಲ್ಲೂ 70 ದಿನ ತುಂಬದೆ ಇರಬಹುದು. ಇದರ ಮೇಲೆ ಇನ್ನೊಂದು ತೊಡಕು. ಇಎಸ್‌ಐಗೆ ಹೊಸದಾಗಿ ಬಂದವರಿಗೆ ಮೊದಲ ಸೌಲಭ್ಯ ಅವಧಿ ತೆರೆಯುವುದು ಸೇರಿದ ಒಂಬತ್ತು ತಿಂಗಳ ನಂತರ. ಹೊಸ ಸಂಖ್ಯೆ ಮಾಡಿಸಿದರೆ ಹಳಬಳೂ ಹೊಸಬಳಾಗಿಬಿಡುತ್ತಾಳೆ. ಇದನ್ನು ತಿಳಿಯಲು ಸುಲಭ ದಾರಿಯಿದೆ. ಸಂಬಳದ ಚೀಟಿಯ ಮೇಲಿರುವ ಸಂಖ್ಯೆ ಹಳೆಯ ಚೀಟಿಯದ್ದಕ್ಕೆ ಹೊಂದುತ್ತದೆಯೇ ನೋಡಬೇಕು. ಇಎಸ್‌ಐ ಪೋರ್ಟಲ್ಲಿನಲ್ಲಿ ವಿಮಾದಾರರ ಲಾಗಿನ್‌ನಿಂದ ಯಾವ ತಿಂಗಳು ಎಷ್ಟು ದಿನದ ವಂತಿಗೆ ಬಿದ್ದಿದೆ ಎಂಬುದೂ ಕಾಣುತ್ತದೆ. ಚೀಟಿಯಲ್ಲಿ ಹಣ ಕಡಿತವಾಗಿ ಪೋರ್ಟಲ್ಲಿನಲ್ಲಿ ಕಾಣದಿದ್ದರೆ ಗುತ್ತಿಗೆದಾರರು ಕಟ್ಟಿಲ್ಲ ಎಂದರ್ಥ. ಆ ಹೊಣೆ ಗುತ್ತಿಗೆದಾರರಿಗೇ ಮುಗಿಯುವುದಿಲ್ಲ. ಗುತ್ತಿಗೆಯವರ ವಂತಿಗೆಯನ್ನೂ ಮೊದಲು ಕಟ್ಟಬೇಕಾದವರು ಪ್ರಧಾನ ಉದ್ಯೋಗದಾತರು, ಅಂದರೆ ಕಾರ್ಖಾನೆಯವರು. ಆಮೇಲೆ ಅವರು ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬಹುದು.

ಗುತ್ತಿಗೆ ಮುಗಿದರೆ?

‘ನಾವು ತೆಗೆದಿಲ್ಲ, ಆಕೆಯ ಹನ್ನೊಂದು ತಿಂಗಳ ಗುತ್ತಿಗೆ ತಾನಾಗಿ ಮುಗಿಯಿತು’ ಎಂಬುದು ಹೆಚ್ಚು ಕೇಳಿಬರುವ ಸಮಜಾಯಿಷಿ. ಇದಕ್ಕೆ ಉತ್ತರ ದೆಹಲಿಯ ಒಬ್ಬ ವೈದ್ಯೆಯ ಪ್ರಕರಣದಲ್ಲಿ ಸಿಕ್ಕಿತು. ಆಕೆ ಜನಕಪುರಿಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲಿದ್ದರು. 2017ರ ಜೂನ್ 1ರಿಂದ ಹೆರಿಗೆ ರಜೆ ಕೇಳಿದರು. ಗುತ್ತಿಗೆ ಮುಗಿಯುವುದು ಜೂನ್ 11ಕ್ಕೆ. ಆಸ್ಪತ್ರೆ 11 ದಿನದ ಸೌಲಭ್ಯ ಕೊಟ್ಟು, ಗುತ್ತಿಗೆಯೇ ಇಲ್ಲದ ಮೇಲೆ ಉಳಿದದ್ದು ಎಲ್ಲಿಂದ ಎಂದಿತು. ಕೇಂದ್ರೀಯ ಆಡಳಿತ ನ್ಯಾಯಮಂಡಳಿಯಲ್ಲೂ ದೆಹಲಿ ಹೈಕೋರ್ಟಿನಲ್ಲೂ ಆಕೆ ಸೋತರು. 2023ರ ಆಗಸ್ಟ್ 17ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಬಸುರಿನಲ್ಲಿ ವಜಾ ಆದವಳಿಗೂ ಹಣ ಕೊಡಬೇಕೆಂದು 12ನೇ ಸೆಕ್ಷನ್ನೇ ಹೇಳುವಾಗ, ಗುತ್ತಿಗೆಯ ಕೊನೆಯ ದಿನಕ್ಕೆ ಸೌಲಭ್ಯ ನಿಂತುಹೋಗುತ್ತದೆ ಎನ್ನಲಾಗದು, ಕೆಲಸದ ಅವಧಿಯನ್ನು ದಾಟಿ ಸೌಲಭ್ಯ ಮುಂದುವರಿಯಬಹುದು ಎಂದಿತು. ಪೂರ್ತಿ ಅವಧಿಯ ಹಣ ಕೊಡಲು ಆದೇಶಿಸಿತು. ಡಾ. ಕವಿತಾ ಯಾದವ್ ಪ್ರಕರಣ ಎಂದು ಹೇಳಿದರೆ ವಕೀಲರಿಗೆ ಗೊತ್ತಾಗುತ್ತದೆ.

ತೀರ್ಪನ್ನು ಅಳತೆ ಮೀರಿ ಓದಬಾರದು. ನಿಜವಾಗಿಯೂ ಮುಗಿದ ಗುತ್ತಿಗೆಯನ್ನು ಮುಂದುವರಿಸಲೇಬೇಕು ಎಂದು ನ್ಯಾಯಾಲಯ ಹೇಳಿಲ್ಲ. ಹಣದ ಹಕ್ಕು ಗುತ್ತಿಗೆಯ ಜತೆ ಸಾಯುವುದಿಲ್ಲ ಎಂದಿದೆ. ಗುತ್ತಿಗೆ ನಿಜಕ್ಕೂ ಮುಗಿಯಿತೇ, ಇಲ್ಲ ಬಸುರಿ ಎಂದು ಮುಗಿಸಿದರೇ ಎಂಬುದು ಬೇರೆ ಪ್ರಶ್ನೆ. ಒಂದೇ ದಿನ ಸೇರಿದ ಹತ್ತು ಜನರಲ್ಲಿ ಒಂಬತ್ತು ಜನರ ಗುತ್ತಿಗೆ ನವೀಕರಿಸಿ ಬಸುರಿಯದನ್ನು ಮಾತ್ರ ಬಿಟ್ಟಿದ್ದರೆ ಅದೇ ದೊಡ್ಡ ಪುರಾವೆ. ಆಕೆಯ ಜಾಗಕ್ಕೆ ಮರುವಾರವೇ ಬೇರೆಯವರನ್ನು ತಂದಿದ್ದರೆ ಅದೂ ಅಷ್ಟೇ. ಜತೆಗೆ ಸೇರಿದವರ ಹೆಸರು, ಸೇರಿದ ದಿನ ಬರೆದಿಟ್ಟುಕೊಂಡವರಿಗೆ ಈ ವಾದ ಗೆಲ್ಲುವುದು ಸುಲಭ.

ಖಾಯಂ ನೌಕರಳಲ್ಲ ಎಂಬ ವಾದವಂತೂ ಹಳೆಯದಾಯಿತು. ದಿನಗೂಲಿಯ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ ದೆಹಲಿ ಪಾಲಿಕೆಯ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂದು ಸುಪ್ರೀಂ ಕೋರ್ಟ್ 2000ದ ಮಾರ್ಚ್ 8ರಂದೇ ಹೇಳಿತ್ತು. ಪ್ರೊಬೇಷನ್ನಿನಲ್ಲಿದ್ದವರಿಗೆ 1991ರ ತೀರ್ಪು ಇದೆ. ಜೀವ ವಿಮಾ ನಿಗಮದಲ್ಲಿ ಪ್ರೊಬೇಷನರಿಯಾಗಿದ್ದ ಮಹಿಳೆಯೊಬ್ಬರಿಗೆ 1990ರ ಜನವರಿಯಲ್ಲಿ ಮಗು ಹುಟ್ಟಿತು, ಫೆಬ್ರುವರಿಯಲ್ಲಿ ಕೆಲಸ ಹೋಯಿತು. ಸೇರುವಾಗ ತುಂಬಿದ ಅರ್ಜಿಯಲ್ಲಿ ಮುಟ್ಟಿನ ವಿವರ ಸುಳ್ಳು ಬರೆದಿದ್ದಾರೆ ಎಂಬುದು ನಿಗಮದ ಆಕ್ಷೇಪ. ಮುಟ್ಟು, ಬಸುರಿನ ಲೆಕ್ಕ ಕೇಳುವ ಆ ಕಾಲಂಗಳೇ ಮರ್ಯಾದೆಗೆ ಕುಂದು ತರುವಂಥವು, ತೆಗೆದುಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿ ಆಕೆಯನ್ನು ಮತ್ತೆ ಕೆಲಸಕ್ಕೆ ಸೇರಿಸಿತು. ಇಂದಿಗೂ ನೇಮಕಾತಿ ಫಾರಂಗಳಲ್ಲಿ ‘ಈಗ ಗರ್ಭಿಣಿಯೇ’ ಎಂಬ ಪ್ರಶ್ನೆ ಕಂಡರೆ ಆ ತೀರ್ಪನ್ನು ನೆನಪಿಸಬಹುದು.

ಮಾಲೀಕರು ಏನು ಮಾಡಬಹುದು

ಕಾನೂನು ಮಾಲೀಕರ ಕೈಯನ್ನು ಪೂರ್ತಿ ಕಟ್ಟಿಹಾಕಿಲ್ಲ. ಬಸುರಿನ ಪುರಾವೆ ಕೇಳಬಹುದು, ರಜೆ ಯಾವತ್ತಿನಿಂದ ಎಂದು ಬರಹದಲ್ಲಿ ಕೇಳಬಹುದು. ಆರು ತಿಂಗಳಿಗೆ ಬದಲಿ ಆಳನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳಬಹುದು. ರಜೆ ಮುಗಿದ ದಿನ ಹಾಜರಾಗುವಂತೆ ಹೇಳಬಹುದು. ಇನ್ನೂ ಮೂರು ತಿಂಗಳು ಬೇಕು ಎಂದರೆ ಒಪ್ಪಲೇಬೇಕೆಂದಿಲ್ಲ. ರಜೆಯ ಕಾಲದಲ್ಲಿ ಆಕೆ ಬೇರೆ ಕಡೆ ಸಂಬಳಕ್ಕೆ ದುಡಿದರೆ ಆ ಅವಧಿಯ ಸೌಲಭ್ಯ ಹೋಗುತ್ತದೆ.

ತಪ್ಪು ಮಾಡಿದರೆ ಶಿಸ್ತುಕ್ರಮಕ್ಕೂ ಅಡ್ಡಿಯಿಲ್ಲ. ಆದರೆ ಹೆರಿಗೆ ಹಣವನ್ನೇ ತಡೆಹಿಡಿಯಬೇಕಾದರೆ ನಿಯಮಗಳಲ್ಲಿ ಹೆಸರಿಸಿದ ಘೋರ ದುರ್ನಡತೆ ಆಗಿರಬೇಕು. ಕಳ್ಳತನ, ವಂಚನೆ, ಕೆಲಸದ ಜಾಗದಲ್ಲಿ ಹಲ್ಲೆ, ಬೇಕೆಂದೇ ಮಾಲು ಹಾಳು ಮಾಡುವುದು, ಇಂಥವು. ಅದನ್ನು ಬರಹದ ಆದೇಶದ ಮೂಲಕ ತಿಳಿಸಬೇಕು. ಟಾರ್ಗೆಟ್ ಮುಟ್ಟಲಿಲ್ಲ, ಪದೇ ಪದೇ ಬಾತ್‌ರೂಮಿಗೆ ಹೋಗುತ್ತಾಳೆ, ತಡವಾಗಿ ಬರುತ್ತಾಳೆ ಎಂಬವು ಆ ಪಟ್ಟಿಗೆ ಸೇರುವುದಿಲ್ಲ.

ಲೈನಿನಲ್ಲಿ ನಿಂತು ಮಾಡುವ ಕೆಲಸದ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಹೆರಿಗೆಗೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು ಆಕೆ ಕೇಳಿದರೆ ಹೆಚ್ಚು ಹೊತ್ತು ನಿಲ್ಲುವ, ಶ್ರಮದ ಕೆಲಸ ಕೊಡುವಂತಿಲ್ಲ. ಹಗುರ ಕೆಲಸ ಕೊಟ್ಟೆವೆಂದು ಸಂಬಳ ಕಡಿತ ಮಾಡುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಮಾರ್ಚ್ 20ರಿಂದ ಹತ್ತು ವಾರ ಹಿಂದಕ್ಕೆ ಹೋದರೆ ಜನವರಿ ಎರಡನೇ ವಾರ. ಅಂದಿನಿಂದ ಕುರ್ಚಿ ಕೇಳುವುದು ಆಕೆಯ ಹಕ್ಕು. ‘ಕುರ್ಚಿ ಕೆಲಸ ಇಲ್ಲ, ಆದ್ದರಿಂದ ಮನೆಗೆ ಹೋಗು’ ಎನ್ನುವುದು ಉತ್ತರವಲ್ಲ.

ಒಂದು ವಿಚಿತ್ರ ಗಮನಿಸಿ. 21,000 ರೂಪಾಯಿಗಿಂತ ಹೆಚ್ಚು ಸಂಬಳದ ಎಂಜಿನಿಯರ್ ಇಎಸ್‌ಐ ಹೊರಗಿರುವುದರಿಂದ ಆಕೆಯ 26 ವಾರದ ಸಂಬಳವನ್ನು ಮಾಲೀಕರೇ ಕೊಡಬೇಕು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಆ ಹೊಣೆ ಬೀಳುತ್ತದೆ. ದುಬಾರಿಯಾಗುವುದು ಈಕೆ. ಆದರೆ ಆಕೆಯ ಕೈಯಲ್ಲಿ ನೇಮಕಾತಿ ಪತ್ರವಿದೆ, ಇ-ಮೇಲ್ ಇದೆ. ಕಾಸು ಖರ್ಚಿಲ್ಲದ ಗುತ್ತಿಗೆಯ ಹುಡುಗಿಯ ಕೈಯಲ್ಲಿ ಇರುವುದು ಒಂದು ಪ್ಲಾಸ್ಟಿಕ್ ಕಾರ್ಡ್, ಅದನ್ನೂ ಗೇಟಿನಲ್ಲಿ ವಾಪಸ್ ತೆಗೆದುಕೊಳ್ಳುತ್ತಾರೆ. ಬಸುರಿಯನ್ನು ಹೊರಗೆ ಕಳಿಸುವುದಕ್ಕೆ ಹಣ ಉಳಿಸುವುದೊಂದೇ ಕಾರಣವಲ್ಲ. ಸುಲಭವಾಗಿ ಕಳಿಸಬಹುದು ಎಂಬುದೂ ಕಾರಣ.

ಎಲ್ಲಿಗೆ ಹೋಗಬೇಕು

ಸುಲಭವನ್ನು ಕಷ್ಟ ಮಾಡುವುದು ಬರಹ. ಬಸುರು ಖಚಿತವಾದ ಕೂಡಲೇ ಗುತ್ತಿಗೆದಾರರಿಗೂ ಕಾರ್ಖಾನೆಯ ಎಚ್‌ಆರ್‌ಗೂ ಒಂದು ಅರ್ಜಿ. ಹೆರಿಗೆಯ ನಿರೀಕ್ಷಿತ ದಿನ, ರಜೆ ಬೇಕಾದ ದಿನ, ರಜೆಯಲ್ಲಿ ಬೇರೆ ಕಡೆ ದುಡಿಯುವುದಿಲ್ಲ ಎಂಬ ಮಾತು, ಇಷ್ಟೇ ಸಾಕು. ಜತೆಗೆ ತಾಯಿ ಕಾರ್ಡಿನ ಜೆರಾಕ್ಸ್. ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು, ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಬೇಕು. ಇಎಸ್‌ಐ ಹಣಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕಾಗುತ್ತದೆ. ಅರ್ಜಿ ಮುಂಚೆ ಕೊಡಲಿಲ್ಲವೆಂದು ಹಕ್ಕು ಸಾಯುವುದಿಲ್ಲ, ಹೆರಿಗೆಯಾದ ಮೇಲೂ ಕೊಡಬಹುದು. ಆದರೆ ಮುಂಚೆ ಕೊಟ್ಟ ಅರ್ಜಿಗೆ ಇನ್ನೊಂದು ಬೆಲೆ ಇದೆ. ನವೆಂಬರ್ 28ಕ್ಕೆ ಅರ್ಜಿ ತಲುಪಿ ಡಿಸೆಂಬರ್ 3ಕ್ಕೆ ಕೆಲಸ ಹೋಗಿದ್ದರೆ, ಆ ಐದು ದಿನಗಳ ಅಂತರವೇ ಕಾರಣವನ್ನು ಹೇಳುತ್ತದೆ.

ತೆಗೆದ ಮೇಲೆ ಮೊದಲ ಬಾಗಿಲು ಕಾರ್ಮಿಕ ಇಲಾಖೆ. ಹೆರಿಗೆ ಹಣ ತಡೆದರೂ, ರಜೆಯ ಕಾರಣಕ್ಕೆ ತೆಗೆದರೂ ದೂರು ಪಡೆದು ವಿಚಾರಿಸಿ ಆದೇಶ ಮಾಡುವ ಅಧಿಕಾರ ಕಾನೂನಿನಲ್ಲೇ ಇನ್‌ಸ್ಪೆಕ್ಟರ್‌ಗೆ ಇದೆ. ಹೊಸ ಸಂಹಿತೆಯಲ್ಲಿ ಅವರ ಹೆಸರು ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್ ಎಂದಾಗಿದೆ. ವಜಾ ಆದೇಶದ ವಿರುದ್ಧ ಮೇಲ್ಮನವಿಗೆ, ಆದೇಶ ಕೈಸೇರಿದ ದಿನದಿಂದ 60 ದಿನ. ಬಾಣಂತನದಲ್ಲಿ ಅರವತ್ತು ದಿನ ಕಳೆಯುವುದು ಗೊತ್ತೇ ಆಗುವುದಿಲ್ಲ, ಅದಕ್ಕೆ ಮನೆಯವರು ಈ ಲೆಕ್ಕ ಹಿಡಿಯಬೇಕು. ಹೆರಿಗೆ ಸೌಲಭ್ಯ ಕೊಡದ ಮಾಲೀಕರಿಗೆ ಸಂಹಿತೆಯಡಿ ಆರು ತಿಂಗಳವರೆಗೆ ಸಜೆ, 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ವಕೀಲರಿಗೆ ಹಣವಿಲ್ಲದಿದ್ದರೆ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು. ಸಹಾಯವಾಣಿ 15100.

ಇಷ್ಟೆಲ್ಲ ರಕ್ಷಣೆಗೂ ಒಂದು ಬೇಲಿ ಇದೆ. ಕಾರ್ಖಾನೆಗಳನ್ನು ಬಿಟ್ಟರೆ, ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿ, ಸಂಸ್ಥೆಗಳಿಗೆ ಈ ನಿಯಮ ತಾಕುವುದಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಸುಗ್ಗಿಯ ಕಾಲಕ್ಕೆ ಹಣ್ಣು ಆಯುವ, ಕ್ರೇಟು ತುಂಬುವ ಹೆಂಗಸರು, ತೋಟದ ಕೂಲಿಯವರು, ಮನೆಗೆಲಸದವರು ಬಹುತೇಕ ಬೇಲಿಯ ಆಚೆಗಿದ್ದಾರೆ. ಅವರಿಗೆ ಸಿಗುವುದು ಮಾತೃವಂದನಾ ಯೋಜನೆಯಂಥ ಸಹಾಯಧನ. ಕೆಲಸ ಕಾಯುವ ಕಾನೂನು ಇಲ್ಲ. ಒಂದೇ ಹಳ್ಳಿಯ, ಒಂದೇ ತಿಂಗಳು ಬಸುರಿಯಾದ ಇಬ್ಬರಲ್ಲಿ ನರಸಾಪುರದ ಬಸ್ಸು ಹತ್ತುವವಳಿಗೆ 93,000 ರೂಪಾಯಿಯ ಹಕ್ಕಿದೆ, ಮಂಡಿಗೆ ನಡೆದು ಹೋಗುವವಳಿಗೆ ಇಲ್ಲ. ಮೊದಲನೆಯವಳ ಹಕ್ಕನ್ನು ಅರ್ಜಿ, ರಸೀದಿ, ತಾರೀಖು ಹಿಡಿದು ಉಳಿಸಬಹುದು. ಎರಡನೆಯವಳ ವಿಚಾರದಲ್ಲಿ ಕೇಳಬೇಕಾದದ್ದು ಎಚ್‌ಆರ್ ಅನ್ನಲ್ಲ, ಹತ್ತು ಎಂಬ ಅಂಕಿ ಬರೆದ ಶಾಸಕಾಂಗವನ್ನು.